ಒಣ ರಸ್ತೆಯ ಸುಳ್ಳು ಸಾಕ್ಷಿ

ಮೇ ತಿಂಗಳ ಕೊನೆ. ಉಡುಪಿಯ ಹೊರವಲಯದ ಒಂದು ಟೈರು ಅಂಗಡಿ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿದೆ. ಆದರೆ ಇನ್ನೂ ಒಂದು ಹನಿಯೂ ಬಿದ್ದಿಲ್ಲ. ಹೆದ್ದಾರಿ ಬಿಸಿಲಿಗೆ ಕಾದು ಕರಿಯ ಹೆಂಚಿನಂತೆ ಹೊಳೆಯುತ್ತಿದೆ. ಗಾಳಿ ತುಂಬಿಸಲು ಬಂದು ನಿಂತ ಬಾಡಿಗೆ ಕಾರೊಂದರ ಮುಂದೆ ಅಂಗಡಿಯವನು ಕುಕ್ಕರಗಾಲಿನಲ್ಲಿ ಕುಳಿತು, ಟೈರಿನ ಮೇಲೆ ಹೆಬ್ಬೆರಳನ್ನು ಎಳೆದು ನೋಡುತ್ತಾನೆ.

“ಟೈರು ಬೋಳಾಗುತ್ತಾ ಬಂತಲ್ಲ ಮಾರಾಯ್ರೆ. ಮಳೆಗೆ ಮೊದಲೇ ಬದಲಾಯಿಸಿದರೆ ಒಳ್ಳೆಯದಿತ್ತು.”

ಚಾಲಕನು ನಗುತ್ತಾನೆ. “ಮೊನ್ನೆ ದನ ಅಡ್ಡ ಬಂತು. ಬ್ರೇಕು ಒತ್ತಿದ್ದೇ ತಡ, ಗಾಡಿ ಅಲ್ಲೇ ನಿಂತಿದೆ. ಎ.ಬಿ.ಎಸ್. ಉಂಟಲ್ಲ, ಇನ್ನೆಂಥ ಹೆದರಿಕೆ?”

ಇಂತಹ ಸಂಭಾಷಣೆ ಒಂದು ಅಂಗಡಿಗೆ ಸೀಮಿತವಾದುದಲ್ಲ. ಮಳೆಗಾಲ ಸಮೀಪಿಸಿದಾಗ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಇದು ನಿತ್ಯ ಕೇಳಿಬರುವ ಮಾತು. ಚಾಲಕನು ಹೇಳಿದುದರಲ್ಲಿ ಸುಳ್ಳು ಏನೂ ಇಲ್ಲ. ಅವನ ಕಾರು ಮೊನ್ನೆ ನಿಜವಾಗಿಯೂ ನಿಂತಿತ್ತು. ಸವೆದ ಟೈರಿನಿಂದಲೇ ನಿಂತಿತ್ತು. ಗಾಳಿ ಕಡಿಮೆಯಿದ್ದರೂ ನಿಂತಿತ್ತು. ಆದರೆ ಆ ದಿನ ಸಾಕ್ಷಿ ನುಡಿದುದು ಒಣ ರಸ್ತೆ. ಮಳೆಗಾಲದ ರಸ್ತೆಯ ವಿಷಯದಲ್ಲಿ ಆ ಸಾಕ್ಷಿಯನ್ನು ನಂಬುವಂತಿಲ್ಲ. ಏಕೆ ನಂಬುವಂತಿಲ್ಲ ಎಂಬುದನ್ನು ತಿಳಿಯಬೇಕಾದರೆ, ಮೊದಲು ಆ ಮೂರು ಅಕ್ಷರಗಳ ಯಂತ್ರ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ನೋಡಬೇಕು.

ಯಂತ್ರ ಮಾಡುವುದೇನು?

ಕಾರನ್ನು ನಿಲ್ಲಿಸುವುದು ಬ್ರೇಕು ಎಂದು ನಾವೆಲ್ಲರೂ ಹೇಳುತ್ತೇವೆ. ನಿಜಕ್ಕೂ ಬ್ರೇಕು ನಿಲ್ಲಿಸುವುದು ಚಕ್ರವನ್ನು ಮಾತ್ರ. ಕಾರನ್ನು ನಿಲ್ಲಿಸುವುದು ಟೈರಿನ ರಬ್ಬರಿಗೂ ನೆಲಕ್ಕೂ ನಡುವೆ ಇರುವ ಹಿಡಿತ. ನಾಲ್ಕು ಚಕ್ರಗಳೂ ನೆಲವನ್ನು ಮುಟ್ಟುವ ಜಾಗವನ್ನೆಲ್ಲ ಒಟ್ಟುಗೂಡಿಸಿದರೆ ಅದು ಒಂದು ಸಣ್ಣ ಮಣೆಯಷ್ಟೂ ಆಗುವುದು ಕಷ್ಟ. ಒಂದು ಟನ್ನಿಗೂ ಮಿಕ್ಕ ತೂಕದ ವಾಹನದ ವೇಗವೆಲ್ಲ ಅಷ್ಟರಲ್ಲಿಯೇ ಅಡಗಬೇಕು.

ಬ್ರೇಕನ್ನು ಹದವಾಗಿ ಒತ್ತಿದಾಗ ಚಕ್ರವು ಕಾರಿನ ವೇಗಕ್ಕಿಂತ ತುಸು ನಿಧಾನವಾಗಿ ತಿರುಗುತ್ತದೆ. ಅಂದರೆ ರಬ್ಬರು ಸ್ವಲ್ಪ ಉರುಳುತ್ತದೆ, ಸ್ವಲ್ಪ ಜಾರುತ್ತದೆ. ಈ ಜಾರುವಿಕೆ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲಿನಷ್ಟಿದ್ದಾಗ ನೆಲದ ಹಿಡಿತ ಅತ್ಯಂತ ಹೆಚ್ಚಾಗಿರುತ್ತದೆ. ಗಾಬರಿಯಿಂದ ಇನ್ನೂ ಬಲವಾಗಿ ಒತ್ತಿದರೆ ಚಕ್ರ ಪೂರ್ತಿ ನಿಂತುಬಿಡುತ್ತದೆ. ಕಾರು ಮಾತ್ರ ಜಾರುತ್ತಲೇ ಹೋಗುತ್ತದೆ. ಆಗ ಹಿಡಿತವೂ ಇಳಿಯುತ್ತದೆ, ಸ್ಟಿಯರಿಂಗನ್ನು ಎತ್ತ ತಿರುಗಿಸಿದರೂ ಕಾರು ತಿರುಗುವುದಿಲ್ಲ.

ಇದನ್ನು ತಪ್ಪಿಸುವುದೇ ಎ.ಬಿ.ಎಸ್.ನ ಕೆಲಸ. ೧೯೭೮ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯವರು ಸಿದ್ಧಪಡಿಸಿದ ವಿದ್ಯುನ್ಮಾನ ವ್ಯವಸ್ಥೆ ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಬಂದಾಗ ಅದು ಶ್ರೀಮಂತರ ಸೊತ್ತಾಗಿತ್ತು; ಈಗ ನಮ್ಮ ಬಾಡಿಗೆ ಕಾರುಗಳಲ್ಲಿಯೂ ಇದೆ. ಪ್ರತಿಯೊಂದು ಚಕ್ರದ ಬಳಿಯಲ್ಲಿಯೂ ಒಂದು ಸಣ್ಣ ಸಂವೇದಕವಿದ್ದು, ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆಯೆಂಬುದನ್ನು ಎಡೆಬಿಡದೆ ಅಳೆಯುತ್ತದೆ. ಯಾವುದಾದರೂ ಚಕ್ರ ಇದ್ದಕ್ಕಿದ್ದಂತೆ ನಿಲ್ಲುವ ಸೂಚನೆ ಕಂಡೊಡನೆ, ಆ ಚಕ್ರಕ್ಕೆ ಹೋಗುವ ಬ್ರೇಕಿನ ಎಣ್ಣೆಯ ಒತ್ತಡವನ್ನು ಕವಾಟವೊಂದು ತಡೆಯುತ್ತದೆ, ಸಾಲದಿದ್ದರೆ ಸಡಿಲಿಸುತ್ತದೆ. ಚಕ್ರ ಮತ್ತೆ ತಿರುಗತೊಡಗಿದರೆ ಒತ್ತಡವನ್ನು ಮರಳಿ ಏರಿಸುತ್ತದೆ. ಒಂದು ಸೆಕೆಂಡಿನೊಳಗೆ ಇದು ಹಲವು ಸಲ ನಡೆದುಹೋಗುತ್ತದೆ. ಚಾಲಕನ ಕಾಲಡಿಯಲ್ಲಿ ಪೆಡಲು ಟರ್ರೆಂದು ನಡುಗುವುದು ಈ ಕಾರಣದಿಂದಲೇ.

ಹೀಗೆ ಎ.ಬಿ.ಎಸ್. ಮಾಡುವುದು ಒಂದೇ ಕೆಲಸ: ನೆಲದಲ್ಲಿ ಎಷ್ಟು ಹಿಡಿತವಿದೆಯೋ ಅಷ್ಟನ್ನೂ ವ್ಯರ್ಥಮಾಡದೆ ಬಳಸಿಕೊಳ್ಳುವುದು. ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಬುದ್ಧಿವಂತ ಗೃಹಿಣಿ ಇರುವ ಅಕ್ಕಿಯಲ್ಲಿ ಮನೆಮಂದಿಗೆಲ್ಲ ಬಡಿಸಬಲ್ಲಳು. ಡಬ್ಬಿಯೇ ಬರಿದಾಗಿದ್ದರೆ ಅವಳಾದರೂ ಏನು ಮಾಡಿಯಾಳು? ಡಬ್ಬಿಯಲ್ಲಿ ಎಷ್ಟಿದೆ ಎಂಬುದನ್ನು ನಿರ್ಧರಿಸುವವು ರಸ್ತೆ, ರಬ್ಬರು, ಟೈರಿನ ಗೆರೆಗಳ ಆಳ ಮತ್ತು ಒಳಗಿನ ಗಾಳಿ.

ಒಣ ನೆಲದ ಸೋಜಿಗ

ಇಲ್ಲಿ ಒಂದು ಸೋಜಿಗವಿದೆ. ಒಣಗಿದ ಡಾಂಬರು ರಸ್ತೆಯ ಮೇಲೆ ಹೊಸ ಟೈರನ್ನೂ ಅರ್ಧಕ್ಕಿಂತ ಹೆಚ್ಚು ಸವೆದ ಟೈರನ್ನೂ ಹೋಲಿಸಿ ನೋಡಿದರೆ, ಸವೆದ ಟೈರು ಸೋಲುವುದಿಲ್ಲ. ಎಷ್ಟೋ ಸಲ ಅದೇ ತುಸು ಮೊದಲು ನಿಲ್ಲುತ್ತದೆ.

ಕಾರಣ ಸರಳವಾದುದು. ಹೊಸ ಟೈರಿನ ಮೈಮೇಲೆ ಸುಮಾರು ೮ ಮಿಲಿಮೀಟರು ಎತ್ತರದ ರಬ್ಬರಿನ ದಿಮ್ಮಿಗಳಿರುತ್ತವೆ. ಬಲವಾಗಿ ಬ್ರೇಕು ಬಿದ್ದಾಗ ಈ ದಿಮ್ಮಿಗಳು ಗಾಳಿಗೆ ಬಾಗುವ ಪೈರಿನಂತೆ ಹಿಂದಕ್ಕೆ ಬಾಗುತ್ತವೆ. ಅವುಗಳ ಒಂದು ಅಂಚು ನೆಲಕ್ಕೆ ಒತ್ತಿ, ಇನ್ನೊಂದು ಅಂಚು ಮೇಲೇಳಲು ನೋಡುತ್ತದೆ. ಸವೆದು ಗಿಡ್ಡವಾದ ದಿಮ್ಮಿ ಹಾಗೆ ಬಾಗುವುದಿಲ್ಲ. ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಒಣ ನೆಲದಲ್ಲಿ ಗೆರೆಗಳಿಗೆ ಕೆಲಸವೇ ಇಲ್ಲ. ಪಂದ್ಯದ ಕಾರುಗಳು ಒಣ ದಿನಗಳಲ್ಲಿ ಗೆರೆಯೇ ಇಲ್ಲದ ನುಣುಪು ಟೈರು ತೊಟ್ಟು ಓಡುವುದೂ, ಮಳೆ ಬಂದೊಡನೆ ಗೆರೆಯುಳ್ಳ ಟೈರಿಗೆ ಬದಲಾಯಿಸುವುದೂ ಇದೇ ಕಾರಣದಿಂದ.

ಗಾಳಿಯ ವಿಷಯವೂ ಒಣ ನೆಲದಲ್ಲಿ ಬಹುಮಟ್ಟಿಗೆ ಹೀಗೆಯೇ. ನಿಗದಿಯಾದುದಕ್ಕಿಂತ ನಾಲ್ಕೈದು ಪೌಂಡು ಕಡಿಮೆಯಾದರೆ ಟೈರು ತುಸು ಹೆಚ್ಚು ಅಗಲವಾಗಿ ನೆಲವನ್ನು ಮುಟ್ಟುತ್ತದೆ. ನಿಲ್ಲುವ ದೂರದಲ್ಲಿ ಚಾಲಕನ ಅರಿವಿಗೆ ಬರುವಷ್ಟು ವ್ಯತ್ಯಾಸ ಕಾಣುವುದಿಲ್ಲ. ಗಾಳಿ ಬಹಳ ಇಳಿದರೆ ಮಾತ್ರ ಟೈರಿನ ನಡುಭಾಗ ಒಳಕ್ಕೆ ಬಾಗಿ, ಭಾರವೆಲ್ಲ ಎರಡು ಅಂಚುಗಳ ಮೇಲೆ ಬೀಳುತ್ತದೆ. ಆಗ ಟೈರು ಕಾದು ಒಡೆಯುವ ಅಪಾಯ ಬೇರೆ ಇದೆ. ಆದರೆ ಅದು ಬೇರೆಯ ಕಥೆ.

ಉಡುಪಿಯ ಚಾಲಕನಿಗೆ ಮೊನ್ನೆಯ ದನ ಕಲಿಸಿದ ಪಾಠ ಏಕೆ ದಾರಿತಪ್ಪಿಸುವಂತಹುದೆಂದು ಇದರಿಂದ ತಿಳಿಯುತ್ತದೆ. ಸವೆದ ಟೈರಿನ ದೋಷವನ್ನು ಒಣ ರಸ್ತೆ ಮುಚ್ಚಿಡುತ್ತದೆ. ಕಡಿಮೆ ಗಾಳಿಯ ದೋಷವನ್ನೂ ಮುಚ್ಚಿಡುತ್ತದೆ. ಚಕ್ರ ಜಾರಿ ಕಿರುಚುವ ಸದ್ದೊಂದು ಮೊದಲೆಲ್ಲ ಎಚ್ಚರಿಕೆ ಕೊಡುತ್ತಿತ್ತು; ಎ.ಬಿ.ಎಸ್. ಆ ಸದ್ದನ್ನೂ ಅಡಗಿಸಿಬಿಟ್ಟಿದೆ.

ನೀರಿನ ಲೆಕ್ಕ

ಇನ್ನು ಮಳೆ ಬಂದಿತೆನ್ನೋಣ. ರಸ್ತೆಯ ಮೇಲೆ ೨ ಮಿಲಿಮೀಟರು ನೀರು ನಿಂತಿದೆ. ಜೋರು ಮಳೆಯಲ್ಲಿ, ಅದರಲ್ಲಿಯೂ ಲಾರಿಗಳು ಓಡಿ ಓಡಿ ತಗ್ಗಾದ ಗಾಲಿಜಾಡಿನಲ್ಲಿ, ಇದು ದೊಡ್ಡ ಮಾತಲ್ಲ. ಕಾರು ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿದೆ. ಅಂದರೆ ಸೆಕೆಂಡಿಗೆ ೨೨ ಮೀಟರು. ಟೈರು ನೆಲವನ್ನು ಮುಟ್ಟುವ ಅಗಲ ೧೭ ಸೆಂಟಿಮೀಟರು ಎಂದಿಟ್ಟುಕೊಂಡರೆ, ಒಂದೊಂದು ಮುಂದಿನ ಚಕ್ರವೂ ಪ್ರತಿ ಸೆಕೆಂಡಿಗೆ ಸುಮಾರು ಏಳೂವರೆ ಲೀಟರು ನೀರನ್ನು ಎದುರಿಸಬೇಕು. ಎರಡು ಸೆಕೆಂಡಿಗೆ ಒಂದು ಕೊಡ! ಅದನ್ನು ತಳ್ಳಲು ಇರುವ ಕಾಲಾವಕಾಶವೆಷ್ಟು? ನೆಲ ಮುಟ್ಟುವ ಭಾಗದ ಉದ್ದ ೧೫ ಸೆಂಟಿಮೀಟರು ಇದ್ದರೆ, ರಬ್ಬರಿನ ಯಾವುದೇ ಒಂದು ಬಿಂದು ನೆಲದ ಮೇಲಿರುವುದು ಒಂದು ಸೆಕೆಂಡಿನ ನೂರೈವತ್ತನೆಯ ಒಂದು ಪಾಲು ಮಾತ್ರ. ಅಷ್ಟರೊಳಗೆ ನೀರು ಸರಿಯಬೇಕು, ರಬ್ಬರು ಕಲ್ಲನ್ನು ಮುಟ್ಟಬೇಕು, ಹಿಡಿಯಬೇಕು.

ನೀರಿನ ಒಂದು ಪಾಲು ಟೈರಿನ ಮುಂದಕ್ಕೂ ಬದಿಗೂ ಚಿಮ್ಮಿ ಹೋಗುತ್ತದೆ. ಉಳಿದುದು ಗೆರೆಗಳೊಳಗೆ ನುಗ್ಗಿ ಹಿಂದಕ್ಕೆ ಹೋಗಬೇಕು. ಗದ್ದೆಯ ಬದಿಯ ತೋಡಿಗೂ ಟೈರಿನ ಗೆರೆಗೂ ಕೆಲಸ ಒಂದೇ. ತೋಡು ಹೂಳಿನಿಂದ ತುಂಬಿದರೆ ಗದ್ದೆಯಲ್ಲಿ ನೀರು ನಿಲ್ಲುವಂತೆಯೇ, ಗೆರೆಯ ಆಳ ಕಡಿಮೆಯಾದಂತೆ ಟೈರಿನಡಿಯಲ್ಲಿ ನೀರು ನಿಲ್ಲುತ್ತದೆ.

ಇದನ್ನು ಮನೆಯಲ್ಲಿ ಕುಳಿತೇ ಲೆಕ್ಕ ಹಾಕಿ ನೋಡಬಹುದು. ೧೭ ಸೆಂಟಿಮೀಟರು ಅಗಲದ ಟೈರಿನಲ್ಲಿ ಗೆರೆಗಳೆಲ್ಲದರ ಅಗಲ ಸೇರಿ ೫ ಸೆಂಟಿಮೀಟರು ಎಂದಿರಲಿ. ಹೊಸ ಟೈರಿನಲ್ಲಿ ಗೆರೆಯ ಆಳ ೮ ಮಿಲಿಮೀಟರು. ಆದುದರಿಂದ ನೀರು ಹರಿಯಲು ಇರುವ ಬಾಯಿ ೪೦೦ ಚದರ ಮಿಲಿಮೀಟರು. ಎದುರಿಗಿರುವ ನೀರಿನ ಅಡ್ಡಳತೆ, ೧೭ ಸೆಂಟಿಮೀಟರು ಅಗಲಕ್ಕೆ ೨ ಮಿಲಿಮೀಟರು ಆಳ, ೩೪೦ ಚದರ ಮಿಲಿಮೀಟರು. ತೋಡು ದೊಡ್ಡದು, ನೀರು ಚಿಕ್ಕದು, ಟೈರು ಗೆದ್ದಿತು. ಈಗ ಅದೇ ಟೈರು ೧.೬ ಮಿಲಿಮೀಟರಿಗೆ ಸವೆದಿದೆಯೆನ್ನಿ. ತೋಡಿನ ಬಾಯಿ ೮೦ ಚದರ ಮಿಲಿಮೀಟರಿಗೆ ಇಳಿಯಿತು. ಅಂದರೆ ಬರುವ ನೀರಿನಲ್ಲಿ ಕಾಲು ಪಾಲಿಗೂ ಅದರಲ್ಲಿ ಜಾಗವಿಲ್ಲ.

ಕಾರಿನ ಟೈರಿಗೆ ಕಾನೂನು ವಿಧಿಸಿರುವ ಕೊನೆಯ ಮಿತಿ ಈ ೧.೬ ಮಿಲಿಮೀಟರೇ. ಎಂದರೆ ಕಾನೂನಿನ ಕಣ್ಣಿನಲ್ಲಿ ಇನ್ನೂ ಸರಿಯಾಗಿರುವ ಟೈರು ನೀರಿನ ಲೆಕ್ಕದಲ್ಲಿ ಆಗಲೇ ದಿವಾಳಿಯಾಗಿರಬಹುದು. ೩ ಮಿಲಿಮೀಟರಿಗೆ ಬಂದಾಗ ಟೈರು ಬದಲಾಯಿಸುವುದು ಲೇಸೆಂದು ಬಲ್ಲವರು ಹೇಳುವುದಕ್ಕೂ ಇದೇ ಲೆಕ್ಕದಲ್ಲಿ ಆಧಾರವಿದೆ. ೩ ಮಿಲಿಮೀಟರಿನಲ್ಲಿ ತೋಡಿನ ಬಾಯಿ ೧೫೦. ರಸ್ತೆಯ ಮೇಲೆ ೧ ಮಿಲಿಮೀಟರು ನೀರಿದ್ದರೆ ಅದರ ಅಡ್ಡಳತೆ ೧೭೦. ಬದಿಗೆ ಚಿಮ್ಮುವ ನೀರನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಸಾಧಾರಣ ಮಳೆಗೂ ಟೈರು ಸೋಲತೊಡಗುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ೨೦೧೮ರಲ್ಲಿ ಅಮೆರಿಕದ ಆಟೋಮೊಬೈಲ್ ಅಸೋಸಿಯೇಷನ್ನಿನವರು ಒದ್ದೆ ನೆಲದ ಮೇಲೆ ಹೊಸ ಟೈರುಗಳನ್ನೂ ಸುಮಾರು ೩.೨ ಮಿಲಿಮೀಟರಿಗೆ ಸವೆದ ಟೈರುಗಳನ್ನೂ ಪರೀಕ್ಷಿಸಿದರು. ಗಮನಿಸಬೇಕು: ಕಾನೂನಿನ ಮಿತಿಯ ಇಮ್ಮಡಿ ಆಳ ಇನ್ನೂ ಉಳಿದಿದ್ದ ಟೈರುಗಳವು. ಗಂಟೆಗೆ ೬೦ ಮೈಲಿ, ಎಂದರೆ ಸುಮಾರು ೯೬ ಕಿಲೋಮೀಟರು ವೇಗದಿಂದ ಕಾರು ನಿಲ್ಲಲು ಬೇಕಾದ ದೂರ ಸರಾಸರಿ ನೂರಕ್ಕೆ ೪೩ರಷ್ಟು ಹೆಚ್ಚಿತು. ಸುಮಾರು ೨೬ ಮೀಟರು ಹೆಚ್ಚು! ಹೊಸ ಟೈರಿನ ಕಾರು ಸಂಪೂರ್ಣವಾಗಿ ನಿಂತ ಜಾಗದಲ್ಲಿ ಸವೆದ ಟೈರಿನ ಕಾರು ಇನ್ನೂ ಗಂಟೆಗೆ ೪೦ ಮೈಲಿ, ಎಂದರೆ ೬೪ ಕಿಲೋಮೀಟರು ವೇಗದಲ್ಲಿರುತ್ತದೆಂದು ಅವರು ತಿಳಿಸಿದರು.

ಈ ಕೊನೆಯ ಅಂಕಿ ಬಹಳ ಅರ್ಥಗರ್ಭಿತವಾದುದು. ಹಿಡಿತ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾಗಿ ಕಡಿಮೆಯಿದ್ದಿದ್ದರೆ ಆ ಜಾಗದಲ್ಲಿ ಉಳಿಯಬೇಕಾದ ವೇಗ ಗಂಟೆಗೆ ೫೩ ಕಿಲೋಮೀಟರು ಮಾತ್ರ. ಅದಕ್ಕಿಂತ ಹೆಚ್ಚು ಉಳಿದಿದೆಯೆಂದರೆ, ಬ್ರೇಕು ಒತ್ತಿದ ಮೊದಲ ಗಳಿಗೆಯಲ್ಲಿ, ವೇಗ ಅತ್ಯಂತ ಹೆಚ್ಚಾಗಿದ್ದಾಗ, ಹಿಡಿತ ಅತ್ಯಂತ ಕಡಿಮೆಯಿತ್ತೆಂದು ಅರ್ಥ. ವೇಗವಿದ್ದಾಗ ನೀರಿಗೆ ಸರಿಯಲು ಸಮಯ ಸಾಲದು. ವೇಗ ಇಳಿದ ಮೇಲೆ ಟೈರು ನೆಲವನ್ನು ಕಾಣುತ್ತದೆ. ಹಿಡಿತ ಅತ್ಯಗತ್ಯವಾದ ಗಳಿಗೆಯಲ್ಲಿಯೇ ಸವೆದ ಟೈರು ಕೈಬಿಡುತ್ತದೆ.

ಗಾಳಿಯ ಪಾಲು

ಗೆರೆ ನೀರಿಗೆ ದಾರಿ ಮಾಡಿಕೊಡುತ್ತದೆ. ಆದರೆ ನೀರನ್ನು ಆ ದಾರಿಗೆ ಅದುಮುವುದು ಯಾವುದು? ಟೈರಿನೊಳಗಿನ ಗಾಳಿಯ ಒತ್ತಡ. ನೀರು ಟೈರನ್ನು ಮೇಲಕ್ಕೆತ್ತಲು ನೋಡುತ್ತದೆ. ಟೈರು ನೀರನ್ನು ಕೆಳಗೆ ಹಿಸುಕಲು ನೋಡುತ್ತದೆ. ವೇಗ ಏರಿದಂತೆ ನೀರಿನ ಎತ್ತುವ ಬಲ ಬೆಳೆಯುತ್ತದೆ. ಕೊನೆಗೊಮ್ಮೆ ಅದು ಟೈರಿನ ಅದುಮುವ ಬಲಕ್ಕೆ ಸಮನಾದಾಗ ರಬ್ಬರು ನೆಲವನ್ನು ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ.

ಈ ತೇಲುವಿಕೆಯ ರಹಸ್ಯವನ್ನು ಮೊದಲು ಬಿಡಿಸಿದವರು ವಿಮಾನಗಳ ಬಗ್ಗೆ ಚಿಂತಿಸುತ್ತಿದ್ದವರು. ಒದ್ದೆಯಾದ ಓಡುದಾರಿಯಲ್ಲಿ ಇಳಿದ ವಿಮಾನಗಳು ನಿಲ್ಲದೆ ಜಾರಿಹೋಗುತ್ತಿದ್ದುದೇ ಅದಕ್ಕೆ ಪ್ರೇರಣೆ. ಅಮೆರಿಕದ ‘ನಾಸಾ’ ಸಂಸ್ಥೆಯ ಲ್ಯಾಂಗ್ಲಿ ಸಂಶೋಧನ ಕೇಂದ್ರದಲ್ಲಿ ವಾಲ್ಟರ್ ಹೋರ್ನ್ ಮತ್ತು ರಾಬರ್ಟ್ ಡ್ರೇಹರ್ ಎಂಬುವರು ೧೯೬೩ರಲ್ಲಿ ಒಂದು ಸುಲಭ ಸೂತ್ರವನ್ನು ಪ್ರಕಟಿಸಿದರು. ಅದನ್ನು ನಮ್ಮ ಅಳತೆಗೆ ತಿರುಗಿಸಿದರೆ ಹೀಗಾಗುತ್ತದೆ: ಗಾಳಿ ಎಷ್ಟು ಪೌಂಡು ಇದೆಯೋ ಅದರ ವರ್ಗಮೂಲವನ್ನು ೧೬.೭ರಿಂದ ಗುಣಿಸಿದರೆ ಟೈರು ತೇಲತೊಡಗುವ ವೇಗ ಕಿಲೋಮೀಟರುಗಳಲ್ಲಿ ದೊರೆಯುತ್ತದೆ.

೩೬ ಪೌಂಡು ಗಾಳಿಯಿದ್ದರೆ ವರ್ಗಮೂಲ ೬. ತೇಲುವ ವೇಗ ಗಂಟೆಗೆ ಸುಮಾರು ೧೦೦ ಕಿಲೋಮೀಟರು. ೨೫ ಪೌಂಡಿಗೆ ಇಳಿದಿದ್ದರೆ ವರ್ಗಮೂಲ ೫. ತೇಲುವ ವೇಗ ೮೩ ಕಿಲೋಮೀಟರು. ಹನ್ನೊಂದು ಪೌಂಡು ಗಾಳಿ ಸದ್ದಿಲ್ಲದೆ ಸೋರಿಹೋದಾಗ ಹದಿನೇಳು ಕಿಲೋಮೀಟರಿನ ರಕ್ಷೆಯೂ ಅದರೊಂದಿಗೆ ಹೋಯಿತು.

ಈ ಸೂತ್ರದ ಮಿತಿಯನ್ನೂ ತಿಳಿದಿರಬೇಕು. ಅದು ಅನ್ವಯಿಸುವುದು ನುಣುಪಾದ ಟೈರಿಗೆ, ಇಲ್ಲವೆ ಗೆರೆಯ ಆಳಕ್ಕಿಂತ ನೀರು ಹೆಚ್ಚಾಗಿದ್ದಾಗ. ಹೊಸ ಟೈರು ತೆಳು ನೀರಿನ ಮೇಲೆ ನೂರು ಕಿಲೋಮೀಟರಿನಲ್ಲಿಯೂ ತೇಲದಿರಬಹುದು. ಗೆರೆ ಸವೆದಾಗ ಮಾತ್ರ ಟೈರು ಈ ಸೂತ್ರದ ಹಿಡಿತಕ್ಕೆ ಸಿಕ್ಕುತ್ತದೆ; ಆಗ ಉಳಿಯುವ ರಕ್ಷೆ ಗಾಳಿಯೊಂದೇ. ಇದಲ್ಲದೆ ಸೂತ್ರ ವಿಮಾನದ ಟೈರುಗಳಿಂದ ಬಂದುದು. ಈಗಿನ ಅಗಲವಾದ ಕಾರು ಟೈರುಗಳು ಅದು ಹೇಳುವುದಕ್ಕಿಂತ ಮೊದಲೇ ತೇಲಬಹುದು. ಪೂರ್ತಿ ತೇಲುವ ಮುಂಚೆಯೂ ಟೈರಿನ ಮುಂಭಾಗ ನೀರಿನ ಮೇಲೆ, ಹಿಂಭಾಗ ಮಾತ್ರ ನೆಲದ ಮೇಲೆ ಇರುವ ಒಂದು ಅವಸ್ಥೆ ಬಹಳ ಕಡಿಮೆ ವೇಗದಿಂದಲೇ ಮೊದಲಾಗಿರುತ್ತದೆ. ಹಿಡಿತ ಒಮ್ಮೆಲೇ ಮಾಯವಾಗುವುದಿಲ್ಲ. ಹಂತಹಂತವಾಗಿ ಕಳಚುತ್ತ ಹೋಗುತ್ತದೆ.

ಗಾಳಿ ಕಡಿಮೆಯಾದಾಗ ಇನ್ನೂ ಒಂದು ಹಾನಿಯುಂಟು. ಟೈರಿನ ನಡುಭಾಗ ಒಳಕ್ಕೆ ಬಾಗುವುದರಿಂದ ಅಲ್ಲಿಯ ಅದುಮುವಿಕೆ ತಗ್ಗುತ್ತದೆ, ಅಲ್ಲಿಯ ಗೆರೆಗಳ ಬಾಯಿ ಕಿರಿದಾಗುತ್ತದೆ. ನೀರು ಹರಿದು ಹೋಗಬೇಕಾದ ನಡುದಾರಿಯೇ ಹೊಂಡವಾಗುತ್ತದೆ. ಹಾಗಾದರೆ ನಿಗದಿಗಿಂತ ಹೆಚ್ಚು ಗಾಳಿ ತುಂಬಿಸಿಬಿಡೋಣವೇ? ಅದೂ ಸರಿಯಲ್ಲ. ಆಗ ಟೈರು ನಡುವಿನಲ್ಲಿ ಉಬ್ಬಿ, ನೆಲ ಮುಟ್ಟುವ ಜಾಗ ಕುಗ್ಗುತ್ತದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ಪುಟಿಯುತ್ತದೆ. ಕಾರು ತಯಾರಿಸಿದವರು ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯ ಅಂಕಿಯೇ ಎರಡಕ್ಕೂ ನಡುವಿನ ಹದ.

ಯಂತ್ರ ಕೈಚೆಲ್ಲುವ ಗಳಿಗೆ

ಹೀಗೆ ತೇಲುತ್ತಿರುವ ಟೈರಿನ ಮೇಲೆ ಬ್ರೇಕು ಒತ್ತಿದರೆ ಎ.ಬಿ.ಎಸ್. ಏನು ಮಾಡುತ್ತದೆ? ಚಕ್ರ ನಿಲ್ಲುವ ಸೂಚನೆ ಕಂಡು ಅದು ಒತ್ತಡವನ್ನು ಸಡಿಲಿಸುತ್ತದೆ. ಚಕ್ರ ಮರಳಿ ತಿರುಗಲೆಂದು ಕಾಯುತ್ತದೆ. ಆದರೆ ಚಕ್ರವನ್ನು ತಿರುಗಿಸಬೇಕಾದುದು ನೆಲ, ನಡುವೆ ನೀರಿದೆ. ಚಕ್ರ ತಡವಾಗಿ, ಸೋಮಾರಿಯಂತೆ ತಿರುಗುತ್ತದೆ. ಅಷ್ಟು ಹೊತ್ತೂ ಬ್ರೇಕು ಸಡಿಲವಾಗಿಯೇ ಇರುತ್ತದೆ. ಪೆಡಲನ್ನು ತಳಮುಟ್ಟ ತುಳಿದಿದ್ದರೂ ಕಾರು ನಿಲ್ಲುತ್ತಿಲ್ಲವೆಂದು ಚಾಲಕನಿಗೆ ತೋರುತ್ತದೆ. ‘ಬ್ರೇಕು ಹಿಡಿಯಲಿಲ್ಲ’ ಎಂದು ಅವನು ಅನಂತರ ಹೇಳುತ್ತಾನೆ. ಬ್ರೇಕು ಕೆಟ್ಟಿರಲಿಲ್ಲ. ಹಿಡಿಯಲು ಏನೂ ಇರಲಿಲ್ಲ.

ನಾಲ್ಕು ಟೈರುಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೂ ನಷ್ಟ ಆ ಒಂದಕ್ಕೆ ನಿಲ್ಲುವುದಿಲ್ಲ. ಅನೇಕ ಕಾರುಗಳಲ್ಲಿ ಎ.ಬಿ.ಎಸ್. ಹಿಂದಿನ ಎರಡು ಚಕ್ರಗಳನ್ನೂ ಜೋಡಿಯಾಗಿ ನಡೆಸುತ್ತದೆ. ಯಾವುದಕ್ಕೆ ಹಿಡಿತ ಕಡಿಮೆಯೋ ಅದಕ್ಕೆ ತಕ್ಕಷ್ಟೇ ಒತ್ತಡವನ್ನು ಎರಡಕ್ಕೂ ಕೊಡುತ್ತದೆ. ಹಾಗೆ ಮಾಡದಿದ್ದರೆ ಕಾರು ಒಂದು ಬದಿಗೆ ಎಳೆದು ತಿರುಗಿಬೀಳುವ ಭಯವಿದೆ. ಆದಕಾರಣ ಹಿಂದಿನ ಎಡಚಕ್ರ ಬೋಳಾಗಿದ್ದರೆ ಬಲಚಕ್ರದ ಹೊಸ ಟೈರಿನ ಹಿಡಿತವೂ ಕೆಲಸಕ್ಕೆ ಬಾರದೆ ಉಳಿಯುತ್ತದೆ. ಜೋಡೆತ್ತುಗಳಲ್ಲಿ ಒಂದು ಕುಂಟಿದರೆ ಗಾಡಿ ಅದರ ನಡಿಗೆಯಲ್ಲಿಯೇ ಸಾಗಬೇಕಾಗುವಂತೆ.

ಎರಡು ಕಾರುಗಳ ಕಥೆ

ಈಗ ಇದೆಲ್ಲವನ್ನೂ ರಸ್ತೆಗೆ ಇಳಿಸಿ ನೋಡೋಣ. ಕುಂದಾಪುರದಿಂದ ಉಡುಪಿಗೆ ಬರುವ ರಾಷ್ಟ್ರೀಯ ಹೆದ್ದಾರಿ ೬೬. ಜುಲೈ ತಿಂಗಳ ಬೆಳಗು; ಮಳೆ ಸುರಿಯುತ್ತಿದೆ. ಒಂದೇ ಮಾದರಿಯ ಎರಡು ಕಾರುಗಳು, ಎರಡರಲ್ಲಿಯೂ ಎ.ಬಿ.ಎಸ್. ಇದೆ. ಮೊದಲನೆಯದರ ಟೈರಿನ ಗೆರೆ ೭ ಮಿಲಿಮೀಟರು, ಗಾಳಿ ೩೩ ಪೌಂಡು. ಎರಡನೆಯದರ ಗೆರೆ ೨ ಮಿಲಿಮೀಟರು, ಗಾಳಿ ೨೪ ಪೌಂಡು. ಇದು ಲೆಕ್ಕಕ್ಕಾಗಿ ಕಟ್ಟಿದ ಉದಾಹರಣೆ; ಆದರೆ ಇಂತಹ ಜೋಡಿ ಯಾವ ಮಳೆಗಾಲದ ದಿನವೂ ಆ ರಸ್ತೆಯಲ್ಲಿ ಇದ್ದೇ ಇರುತ್ತದೆ.

ಎರಡೂ ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿವೆ. ೭೦ ಮೀಟರು ಮುಂದೆ ಒಂದು ಬಸ್ಸು ತಟ್ಟನೆ ನಿಲ್ಲುತ್ತದೆ. ಕಂಡು, ತಿಳಿದು, ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತು. ಇಬ್ಬರಿಗೂ ೨೨ ಮೀಟರು ಸಂದುಹೋಯಿತು. ಉಳಿದುದು ೪೮ ಮೀಟರು.

ರಸ್ತೆ ಒಣಗಿದ್ದರೆ ಹಿಡಿತದ ಅಂಕಿಯನ್ನು ೦.೮೫ ಎಂದು ಹಿಡಿಯಬಹುದು. ಎರಡೂ ಕಾರುಗಳು ಇನ್ನು ೩೦ ಮೀಟರಿನೊಳಗೆ ನಿಲ್ಲುತ್ತವೆ. ಬಸ್ಸು ಇನ್ನೂ ೧೮ ಮೀಟರು ದೂರದಲ್ಲಿರುತ್ತದೆ. ಎರಡರಲ್ಲಿ ಯಾವುದು ಒಳ್ಳೆಯ ಟೈರಿನದೆಂದು ಯಾರೂ ಹೇಳಲಾರರು.

ಆದರೆ ರಸ್ತೆ ಒದ್ದೆಯಾಗಿದೆ. ಮೊದಲ ಕಾರಿಗೆ ಹಿಡಿತ ೦.೬ ಉಳಿದಿದೆಯೆನ್ನಿ, ಎರಡನೆಯದಕ್ಕೆ ೦.೪. ಮೊದಲನೆಯದು ೪೨ ಮೀಟರಿನಲ್ಲಿ ನಿಂತು, ಬಸ್ಸಿಗೆ ೬ ಮೀಟರು ಉಳಿಸಿಕೊಳ್ಳುತ್ತದೆ. ಒಳಗಿದ್ದವರು ಒಮ್ಮೆ ಮುಂದಕ್ಕೆ ವಾಲಿ, ಮತ್ತೆ ಮಾತಿಗೆ ತೊಡಗುತ್ತಾರೆ. ಎರಡನೆಯದಕ್ಕೆ ಬೇಕಾದುದು ೬೩ ಮೀಟರು, ಇರುವುದು ೪೮. ಅದು ಬಸ್ಸನ್ನು ಮುಟ್ಟುವಾಗಲೂ ಗಂಟೆಗೆ ಸುಮಾರು ೩೯ ಕಿಲೋಮೀಟರು ವೇಗದಲ್ಲಿರುತ್ತದೆ. ಎರಡೂ ಕಾರುಗಳಲ್ಲಿ ಎ.ಬಿ.ಎಸ್. ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿತು.

ಅದೇ ಎರಡನೆಯ ಕಾರು, ಅದೇ ಸವೆದ ಟೈರಿನಿಂದ, ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಬಂದಿದ್ದರೆ? ಮೊದಲ ಸೆಕೆಂಡಿನಲ್ಲಿ ೧೭ ಮೀಟರು, ಬ್ರೇಕಿನಲ್ಲಿ ೩೫ ಮೀಟರು, ಒಟ್ಟು ೫೨. ಬಸ್ಸಿಗೆ ೧೮ ಮೀಟರು ಉಳಿಯುತ್ತಿತ್ತು. ನಿಲ್ಲುವ ದೂರ ವೇಗದ ವರ್ಗದಂತೆ ಬೆಳೆಯುವುದರಿಂದ, ವೇಗವನ್ನು ಕಾಲುಪಾಲು ಇಳಿಸಿದರೆ ಬ್ರೇಕಿನ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಟೈರು ಕೊಳ್ಳಲು ಕೈಯಲ್ಲಿ ಹಣವಿಲ್ಲದ ತಿಂಗಳಲ್ಲಿ ಚಾಲಕನಿಗೆ ಉಳಿಯುವ ಅಗ್ಗದ ಉಪಾಯ ಇದೊಂದೇ.

ತಿಳಿಯುವ ಬಗೆ

ಒಣ ರಸ್ತೆ ಹೇಳದಿರುವುದನ್ನು ಟೈರನ್ನೇ ಕೇಳಿ ತಿಳಿಯಬಹುದು. ಟೈರಿನ ಬದಿಯಲ್ಲಿ ಒಂದು ಚಿಕ್ಕ ತ್ರಿಕೋನ ಅಥವಾ ‘ಟಿ.ಡಬ್ಲ್ಯು.ಐ.’ ಎಂಬ ಅಕ್ಷರಗಳು ಇರುತ್ತವೆ. ಅದರ ನೇರಕ್ಕೆ ಗೆರೆಯೊಳಗೆ ನೋಡಿದರೆ ತಳದಲ್ಲಿ ರಬ್ಬರಿನ ಒಂದು ಅಡ್ಡಗಟ್ಟೆ ಕಾಣುತ್ತದೆ. ಅದರ ಎತ್ತರ ೧.೬ ಮಿಲಿಮೀಟರು. ಟೈರಿನ ಮೈ ಆ ಗಟ್ಟೆಗೆ ಸಮನಾದ ದಿನ ಟೈರಿನ ಆಯುಷ್ಯ ತೀರಿತು. ಅಲ್ಲಿಯವರೆಗೆ ಕಾಯದೆ ಅಳೆಯಬೇಕಾದರೆ ಒಂದು ಬೆಂಕಿಕಡ್ಡಿ ಸಾಕು. ಗಟ್ಟೆಯಿಲ್ಲದ ಕಡೆ ಕಡ್ಡಿಯನ್ನು ಗೆರೆಯ ತಳ ಮುಟ್ಟುವಂತೆ ಇಳಿಸಿ, ಟೈರಿನ ಮೈಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಮಕ್ಕಳ ಅಳತೆಪಟ್ಟಿಯ ಮೇಲಿಟ್ಟು ನೋಡಿದರಾಯಿತು. ಒಳಅಂಚು, ನಡು, ಹೊರಅಂಚು, ಮೂರು ಕಡೆಯೂ ಅಳೆಯಬೇಕು. ಎರಡೂ ಅಂಚು ಹೆಚ್ಚು ಸವೆದಿದ್ದರೆ ಟೈರು ಬಹುಕಾಲ ಕಡಿಮೆ ಗಾಳಿಯಲ್ಲಿ ಓಡಿದೆ. ನಡು ಹೆಚ್ಚು ಸವೆದಿದ್ದರೆ ಹೆಚ್ಚು ಗಾಳಿಯಲ್ಲಿ. ಒಂದೇ ಅಂಚು ಸವೆದಿದ್ದರೆ ಚಕ್ರದ ಜೋಡಣೆ ಓರೆಯಾಗಿದೆ.

ಗಾಳಿಯನ್ನು ಬೆಳಗ್ಗೆ, ಕಾರು ಓಡುವ ಮೊದಲು ನೋಡಬೇಕು. ಐವತ್ತು ಕಿಲೋಮೀಟರು ಓಡಿ ಬಿಸಿಯಾದ ಟೈರಿನಲ್ಲಿ ಗಾಳಿ ಹಿಗ್ಗಿ ಮೂರು ನಾಲ್ಕು ಪೌಂಡು ಹೆಚ್ಚು ತೋರಿಸುತ್ತದೆ. ಆಗ ‘ಸರಿಯಾಗಿದೆ’ ಎಂದು ಬಿಟ್ಟ ಟೈರು ಮರುದಿನ ಬೆಳಗ್ಗೆ ಕೊರತೆಯಲ್ಲಿರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಿಸುವುದಂತೂ ಇನ್ನೂ ದೊಡ್ಡ ತಪ್ಪು.

ಮಳೆಯಲ್ಲಿ ಓಡುವಾಗಲೂ ಒಂದೆರಡು ಸೂಚನೆಗಳು ಸಿಗುತ್ತವೆ. ಸ್ಟಿಯರಿಂಗು ಇದ್ದಕ್ಕಿದ್ದಂತೆ ಹಗುರವಾದರೆ ಮುಂದಿನ ಚಕ್ರಗಳು ನೀರಿನ ಮೇಲೇರುತ್ತಿವೆ. ಆಗ ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆಯಬೇಕು, ಸ್ಟಿಯರಿಂಗನ್ನು ನೇರ ಹಿಡಿಯಬೇಕು. ಒದ್ದೆ ರಸ್ತೆಯಲ್ಲಿ ಸಾಧಾರಣವಾಗಿ ಬ್ರೇಕು ಒತ್ತಿದಾಗಲೇ ಪೆಡಲು ಪದೇ ಪದೇ ನಡುಗಿದರೆ, ಅದನ್ನು ಯಂತ್ರದ ಶಕ್ತಿಯೆಂದು ಹೆಮ್ಮೆಪಡುವಂತಿಲ್ಲ. ಡಬ್ಬಿಯ ತಳ ಕಾಣುತ್ತಿದೆಯೆಂಬ ಸೂಚನೆ ಅದು. ನಿಜವಾದ ಗಂಡಾಂತರ ಎದುರಾದಾಗ ಮಾತ್ರ ಪೆಡಲನ್ನು ಬಲವಾಗಿ ತುಳಿದು, ನಡುಗಿದರೂ ಬಿಡದೆ ಹಾಗೆಯೇ ಹಿಡಿದಿರಬೇಕು. ಹಳೆಯ ಕಾಲದ ಚಾಲಕರಂತೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಯಂತ್ರದ ಕೆಲಸಕ್ಕೆ ಅಡ್ಡಿ.

ಉಡುಪಿಯ ಅಂಗಡಿಯವನಿಗೆ ವರ್ಗಮೂಲದ ಲೆಕ್ಕ ಗೊತ್ತಿರಲಿಕ್ಕಿಲ್ಲ. ಆದರೂ ಅವನು ಚಾಲಕನ ಮಾತಿಗೆ ಎದುರಾಡದೆ, ಬೆಂಕಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು ಗೆರೆಯಲ್ಲಿ ಇಳಿಸಿ, ಅದನ್ನು ಅವನ ಕೈಯಲ್ಲಿಡುತ್ತಾನೆ. ಕಡ್ಡಿಯ ಮೇಲಿನ ಗುರುತು ಅದರ ತುದಿಗೆ ಬಹಳ ಹತ್ತಿರವಿದೆ. ಚಾಲಕನು ಒಮ್ಮೆ ಕಡ್ಡಿಯನ್ನು ನೋಡುತ್ತಾನೆ, ಒಮ್ಮೆ ಪಡುವಣದ ಮೋಡವನ್ನು ನೋಡುತ್ತಾನೆ.

“ನಾಲ್ಕಕ್ಕೂ ಎಷ್ಟಾಗುತ್ತದೆ ಹೇಳಿ ಮಾರಾಯ್ರೆ,” ಎನ್ನುತ್ತಾನೆ.